ಕುರ್ಚಿಗೆ ಹೊಂದುವ ಮುಖ

ಚಂದ್ರಿಕಾ ಸ್ಟುಡಿಯೋದ ಮೆಟ್ಟಿಲು ಹತ್ತಿ ಬರುವವರಲ್ಲಿ ಒಬ್ಬರಿಗಾದರೂ ತಮ್ಮ ಮುಖ ತಮಗೆ ಸಾಕೆನಿಸಿದ್ದನ್ನು ಶಾಂತಮ್ಮ ಕಂಡಿರಲಿಲ್ಲ. ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಸೈಕಲ್ ಅಂಗಡಿಯ ಮಾಳಿಗೆಯ ಮೇಲಿತ್ತು ಆ ಸ್ಟುಡಿಯೋ. ಕಪ್ಪಗಿದ್ದವರು ಬೆಳ್ಳಗೆ ಮಾಡಿಕೊಡಿ ಅನ್ನುತ್ತಿದ್ದರು. ಬೆಳ್ಳಗಿದ್ದವರಿಗೆ ಇನ್ನೂ ಸ್ವಲ್ಪ ಬೆಳ್ಳಗಾಗಬೇಕಿತ್ತು. ಬದುಕಿರುವಾಗ ಅಪ್ಪನಿಗೆ ಒಂದು ಒಳ್ಳೆ ಅಂಗಿ ಹೊಲಿಸದ ಮಗ, ತಿಥಿಯ ಹೊತ್ತಿಗೆ ಬಂದು, ಅಪ್ಪನ ಪಡಿತರ ಚೀಟಿಯ ಫೋಟೋ ಕೊಟ್ಟು, ಇದಕ್ಕೊಂದು ಕೋಟು ತೊಡಿಸಿ ಎನ್ನುತ್ತಿದ್ದ. ಶಾಂತಮ್ಮ ತೊಡಿಸುತ್ತಿದ್ದಳು. ಸ್ಟುಡಿಯೋದ ಪೆಟ್ಟಿಗೆಯಲ್ಲಿ ಒಂದೇ ಕೋಟಿನ ಚಿತ್ರವಿತ್ತು. ಸಾಗರ ತಾಲೂಕಿನಲ್ಲಿ ಸತ್ತವರೆಲ್ಲ ಅದೇ ಕೋಟು ಹಾಕಿಕೊಂಡು ಗೋಡೆಯ ಮೇಲೆ ಕೂತಿದ್ದರು.

ಕ್ಯಾಮೆರಾ ಮಾಲೀಕ ಕನ್ನಪ್ಪನದು, ಪೆನ್ಸಿಲ್ಲು ಬ್ರಶ್ಶು ಶಾಂತಮ್ಮನದು. ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಮುಚ್ಚುವುದು, ಕೆಟ್ಟ ಮದುವೆ ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆ ಬೇರೆ ಫೋಟೋದಿಂದ ಮುಖ ತಂದು ಕೂರಿಸುವುದು ಅವಳ ಕೆಲಸ. ಕನ್ನಪ್ಪ ಒಳ್ಳೆಯ ಕಸುಬುದಾರನೇ. ಆದರೆ ತಾನು ಕಲಾವಿದ ಎಂಬ ರೋಗವೊಂದು ಅವನಿಗಿತ್ತು. ಶಿವಮೊಗ್ಗೆಯಲ್ಲಿ ಆಗದ್ದು ತನ್ನ ಕೈಲಿ ಆಗುತ್ತದೆ ಅಂತ ಯಾರಾದರೂ ಒಮ್ಮೆ ಹೇಳಿದರೆ ಸಾಕು, ಕನ್ನಪ್ಪ ತನ್ನ ಸ್ವಂತ ಅಜ್ಜಿಯ ತಲೆಯನ್ನಾದರೂ ಕತ್ತರಿಸಿ ಅಂಟಿಸಲು ತಯಾರಾಗುತ್ತಿದ್ದ.

ದುಗ್ಗಪ್ಪ ಗೌಡರು ಬಂದವರೇ ಹೇಳಿದ್ದು ಅದನ್ನೇ.

"ಶಿವಮೊಗ್ಗೆಲಿ ಇಬ್ರು ಆಗಲ್ಲ ಅಂದ್ರು ಕನ್ನಪ್ಪ. ನಿಮ್ಮ ಹೆಸ್ರು ಹೇಳಿ ಕಳಿಸಿದ್ರು."

ಕನ್ನಪ್ಪನ ಎದೆ ಒಂದಂಗುಲ ಉಬ್ಬಿದ್ದನ್ನು ಶಾಂತಮ್ಮ ಕಿಟಕಿಯ ಪಕ್ಕದ ತನ್ನ ಮೇಜಿನಿಂದಲೇ ನೋಡಿದಳು. ಶಿವಮೊಗ್ಗೆಯವರು ಹಾಗೆ ಯಾರ ಹೆಸರನ್ನೂ ಹೇಳಿ ಕಳಿಸುವ ಜನವಲ್ಲ ಎಂದು ಅವಳಿಗೆ ಗೊತ್ತಿತ್ತು.

ಗೌಡರು ಹೊಸನಗರದಿಂದ ನಗರದ ಕಡೆ ಹೋಗುವ ದಾರಿಯಲ್ಲಿ ಬಿಳಿಕಲ್ಲುಕೊಪ್ಪ ಎಂಬ ಊರಿನವರು. ಚಿಕ್ಕಂದಿನಲ್ಲೇ ತೀರ್ಥಹಳ್ಳಿಯ ಹಾಸ್ಟೆಲಿಗೆ, ಆಮೇಲೆ ಮೈಸೂರಿನ ಕಾಲೇಜಿಗೆ ಹೋಗಿ, ಯಾವ ಪರೀಕ್ಷೆಯನ್ನೂ ಪೂರ್ತಿ ಮಾಡದೆ ಊರಿಗೆ ಬಂದು ಪ್ರೆಸಿಡೆಂಟರಾದವರು. ಯಾವುದರ ಪ್ರೆಸಿಡೆಂಟ್ ಅಂತ ಕೇಳುವಂತಿಲ್ಲ, ಊರಿನಲ್ಲಿ ಇದ್ದದ್ದಕ್ಕೆಲ್ಲ ಅವರೇ. ಭೂಸುಧಾರಣೆ ಬಂದು ಗೇಣಿ ಜಮೀನು ಒಕ್ಕಲುಗಳ ಪಾಲಾದ ಮೇಲೆ ಅವರಿಗೆ ಇತಿಹಾಸದಲ್ಲಿ ಆಸಕ್ತಿ ಹುಟ್ಟಿತ್ತು. ಗದ್ದೆ ಹೋದರೆ ಹೋಗಲಿ, ಹೆಸರಾದರೂ ಉಳಿಯಬೇಕಲ್ಲ.

ಅವರು ಬಟ್ಟೆಯ ಗಂಟು ಬಿಚ್ಚಿ ಒಂದು ಹಳೆಯ ಗ್ರೂಪ್ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಊರಿನ ಶಾಲೆಯ ಕಟ್ಟಡ ತೆರೆದ ದಿನ ತೆಗೆದದ್ದು. ಮುಂದಿನ ಸಾಲಿನಲ್ಲಿ ಕುರ್ಚಿಗಳು, ಹಿಂದೆ ನಿಂತವರು, ನೆಲದ ಮೇಲೆ ಕಾಲು ಮಡಿಸಿ ಕೂತ ಹುಡುಗರು. ಮಧ್ಯದ ಕುರ್ಚಿಯಲ್ಲಿ, ಮೊಣಕಾಲುಗಳ ಮೇಲೆ ಎರಡು ಕೈಯೂರಿ, ಗಾಂಧಿ ಟೋಪಿ ಹಾಕಿ ಕೂತವರು ಶಾಲೆಯನ್ನು ಕಟ್ಟಿಸಿದ ಗಿರಿಯಪ್ಪ ಮೇಷ್ಟ್ರು.

ಶಾಂತಮ್ಮನ ಅಪ್ಪ.

ಅವಳ ಕೈಯ ಪೆನ್ಸಿಲ್ಲು ನಿಂತಿತು. ಅವರ ಮನೆಯಲ್ಲೂ ಇದೇ ಫೋಟೋ ಇತ್ತು. ಗೆದ್ದಲು ಅದನ್ನು ಚೌಕಟ್ಟು ಬಿಟ್ಟು ಪೂರ್ತಿ ತಿಂದು ಎಷ್ಟೋ ವರ್ಷವಾಗಿತ್ತು. ಅಪ್ಪನಿಗೆ ಸಾಗರಕ್ಕೆ ವರ್ಗವಾಗುವವರೆಗೂ ಅವಳು ಆ ಊರಿನಲ್ಲೇ ಬೆಳೆದವಳು. ಗೌಡರಿಗೆ ಅವಳ ಗುರುತು ಹತ್ತಲಿಲ್ಲ. ಬೇರೆಯವರ ಕೆಲಸ ಮಾಡಿ ಬದುಕುವವರಿಗೂ ಮುಖವಿರುತ್ತದೆ ಎಂಬುದು ಅವರ ಗಮನಕ್ಕೆ ಬಂದದ್ದೇ ಕಡಿಮೆ.

"ಶಾಲೆ ಬೆಳ್ಳಿ ಹಬ್ಬ ಬಂತು," ಎಂದರು ಗೌಡರು. "ಸಭಾಂಗಣ ಕಟ್ಸಿದೀವಿ. ಅದ್ರ ಗೋಡೆಗೆ ಈ ಫೋಟೋ ದೊಡ್ಡದು ಮಾಡಿ ಹಾಕ್ಬೇಕು. ಎಮ್ಮೆಲ್ಲೆ ಬರ್ತಾರೆ, ಪರದೆ ಎಳೀತಾರೆ. ಆದ್ರೆ ಒಂದು ಸಣ್ಣ ತಿದ್ದುಪಡಿ. ಇಲ್ನೋಡಿ, ಹಿಂದಿನ ಸಾಲಿನ ತುದಿಲಿ ಜರಿ ರುಮಾಲು ಸುತ್ತಿಕೊಂಡು ನಿಂತಿದಾರಲ್ಲ, ಅವ್ರು ನಮ್ಮ ಅಪ್ಪಯ್ಯ, ಶೇಷೇಗೌಡ್ರು."

"ಹೌದಾ! ಎಂತ ಗಾಂಭೀರ್ಯ!" ಎಂದ ಕನ್ನಪ್ಪ. ಫೋಟೋದಲ್ಲಿದ್ದದ್ದು ಬೆರಳಿನ ಉಗುರಿನಷ್ಟು ಮುಖ.

"ಅವ್ರು ಮಧ್ಯದ ಕುರ್ಚಿಲಿ ಇರ್ಬೇಕು. ಮೇಷ್ಟ್ರನ್ನ ತೆಗೀರಿ ಅನ್ನಲ್ಲ ನಾನು. ಪಾಪ, ಅವ್ರೂ ದುಡಿದೋರೆ. ಅವ್ರ ಮುಖ ತುದಿಗೆ ಹೋಗ್ಲಿ, ಅಪ್ಪಯ್ಯನ ಮುಖ ಇಲ್ಲಿಗೆ ಬರ್ಲಿ. ಇಬ್ರೂ ಫೋಟೋದಲ್ಲಿ ಇರ್ತಾರಲ್ಲ, ಅನ್ಯಾಯ ಎಲ್ಲಿ ಬಂತು?"

"ಟೋಪಿ ಮಾತ್ರ ಅಲ್ಲೇ ಉಳಿಯುತ್ತೆ ಗೌಡ್ರೆ. ನಿಮ್ಮ ತಂದೆಯೋರು ಗಾಂಧಿ ಟೋಪಿ ಹಾಕ್ತಿದ್ರಾ?"

"ಇಲ್ಲ. ಆದ್ರೂ ಇರ್ಲಿ ಬಿಡಿ," ಎಂದರು ಗೌಡರು, ಏನೋ ಹೊಳೆದವರಂತೆ. "ಚೆನ್ನಾಗೇ ಕಾಣುತ್ತೆ. ಸ್ವಾತಂತ್ರ್ಯ ಹೋರಾಟದ ಕಳೆ ಬರುತ್ತೆ."

ಶಾಂತಮ್ಮ ತಲೆ ಬಗ್ಗಿಸಿದಳು, ನಗು ಕಾಣಬಾರದೆಂದು. ಶೇಷೇಗೌಡರು ಫೋಟೋದಲ್ಲಿ ತುದಿಗೆ ನಿಂತದ್ದು ಯಾಕೆಂದು ಅವಳ ಅಪ್ಪ ಹೇಳಿದ್ದು ಅವಳಿಗೆ ನೆನಪಿತ್ತು. ಶಾಲೆಯ ಜಾಗ ತನ್ನದೆಂದು ಅವರು ಹಾಕಿದ್ದ ದಾವೆಯ ವಿಚಾರಣೆ ಅದೇ ದಿನ ಶಿವಮೊಗ್ಗೆಯಲ್ಲಿ ಇತ್ತು. ಅದು ವಜಾ ಆಗಿ, ಅವರು ಬಸ್ಸಿಳಿದು ಬರುವ ಹೊತ್ತಿಗೆ ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಆಗಿತ್ತು. ಓಡಿ ಬಂದು ತುದಿಗೆ ಸೇರಿಕೊಂಡರು. ಎಲ್ಲಿ ಗುಂಪಿದ್ದರೂ ಅದರಲ್ಲಿ ತಾನಿರಬೇಕೆಂಬ ಚಟ ಆ ಮನೆತನಕ್ಕೆ ಆಗಲೂ ಇತ್ತು.

ಗೌಡರು ಕಾಫಿ ಕುಡಿಯಲು ಕೆಳಗಿಳಿದರು. ಕನ್ನಪ್ಪ ಗಂಟಲು ಸರಿಮಾಡಿಕೊಂಡ.

"ಶಾಂತಮ್ಮ, ನಿಮ್ಮ ತಂದೆಯೋರು ಅಂತ ನಂಗೆ ಗೊತ್ತು. ಒಂದ್ಸಲ ಹೆಸ್ರು ಹೇಳಿದ್ರಿ ನೀವು. ಆದ್ರೆ ಕೆಲಸ ಕೆಲಸ. ನಾವು ಮಾಡ್ದೇ ಇದ್ರೆ ಇನ್ನೊಬ್ರು ಮಾಡ್ತಾರೆ."

"ನಾನೇನಾದ್ರೂ ಅಂದ್ನಾ ಸಾರ್?"

"ಅಲ್ಲ, ಬೇಜಾರು ಮಾಡ್ಕೋಬೇಡಿ ಅಂತ. ಮೊದ್ಲು ಎರಡೂ ಮುಖ ಹೊಂದುತ್ತೋ ಇಲ್ಲವೋ ನೋಡಿ. ಹೊಂದಲ್ಲ ಅಂದ್ರೆ ನಾನೇ ವಾಪಸ್ ಕಳಿಸ್ತೀನಿ. ಕೆಟ್ಟ ಕೆಲಸಕ್ಕೆ ನನ್ನ ಹೆಸರು ಹಾಕಲ್ಲ."

ಅವಳಿಗೆ ಬೇಕಾದದ್ದು ಇಷ್ಟೇ ಆಗಿತ್ತು. ಅಪ್ಪ ಆ ಗೋಡೆಯ ಮೇಲೆ ಅದೇ ಕುರ್ಚಿಯಲ್ಲಿ ಕೂತಿರಬೇಕು. ತನಗೊಂದು ಪ್ರತಿ ಬೇಕೆಂದರೆ ನಾಳೆಯೇ ಅಚ್ಚು ಹಾಕಿಕೊಂಡು ಮನೆಯ ಗೋಡೆಗೆ ತೂಗುಹಾಕಬಹುದು. ಆದರೆ ಅಪ್ಪ ಕಟ್ಟಿಸಿದ್ದು ಅವಳ ಮನೆಯನ್ನಲ್ಲ, ಆ ಶಾಲೆಯನ್ನು. ಅಲ್ಲಿ ಇನ್ನು ಮುಂದೆ ಓದುವ ಮಕ್ಕಳು, ದಾವೆ ಹಾಕಿದವನನ್ನು ಸ್ಥಾಪಕ ಅಂದುಕೊಂಡು ಕೈಮುಗಿಯುತ್ತವೆ.

ಕನ್ನಪ್ಪ ಫೋಟೋವನ್ನು ಕಾಪಿ ಮಾಡಿ, ಎರಡು ಮುಖಗಳನ್ನೂ ಕಣ್ಣಿನಿಂದ ಕಣ್ಣಿಗೆ ಒಂದೇ ಅಂತರ ಬರುವ ಹಾಗೆ ಎನ್ಲಾರ್ಜರಿನಲ್ಲಿ ದೊಡ್ಡದು ಮಾಡಿ ಎರಡು ಅಚ್ಚು ತೆಗೆದುಕೊಟ್ಟ. ಶಾಂತಮ್ಮ ಅವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅಳೆಯಲು ಡಿವೈಡರ್ ತೆಗೆದುಕೊಂಡಳು. ಒಂದೇ ಬಿಸಿಲಿನಲ್ಲಿ, ಒಂದೇ ಕ್ಷಣದಲ್ಲಿ ತೆಗೆದ ಮುಖಗಳು. ಮೂಗಿನ ನೆರಳು ಇಬ್ಬರಿಗೂ ಒಂದೇ ಕಡೆ ಬಿದ್ದಿತ್ತು. ಸಾಮಾನ್ಯವಾಗಿ ಮುಖ ಕೂರಿಸುವ ಕೆಲಸ ಕೆಡುವುದು ಅಲ್ಲಿಯೇ. ಇಲ್ಲಿ ಆ ತೊಂದರೆ ಇರಲಿಲ್ಲ. ತಲೆಯ ಅಳತೆಯೂ ತೊಂದರೆಯಲ್ಲ. ಚಿಕ್ಕ ಮುಖವನ್ನು ದೊಡ್ಡದು ಮಾಡುವುದಕ್ಕೆ ಎನ್ಲಾರ್ಜರ್ ಇದೆ. ಹಣೆಯ ಅಗಲ ಟೋಪಿಯ ಅಂಚಿಗೆ ಸರಿಯಾಗಿ ಕೂರುತ್ತದೋ ನೋಡಿದರೆ ಆಯಿತು. ಕೂರುತ್ತಿತ್ತು.

ಆದರೆ ಎನ್ಲಾರ್ಜರಿಗೆ ಬರುವುದು ಒಂದೇ ವಿದ್ಯೆ. ಅಗಲ ಹಿಗ್ಗಿಸಿದರೆ ಉದ್ದವನ್ನೂ ಅಷ್ಟೇ ಹಿಗ್ಗಿಸುತ್ತದೆ. ಒಂದರ ಜೊತೆ ಇನ್ನೊಂದಕ್ಕಿರುವ ಲೆಕ್ಕವನ್ನು ಅದು ಬದಲಿಸಲಾರದು. ಶಾಂತಮ್ಮ ಅಪ್ಪನ ಮುಖದಲ್ಲಿ ಕಣ್ಣಿನ ಗೆರೆಯಿಂದ ಗದ್ದದ ತುದಿಗೆ ಡಿವೈಡರಿನ ಕಾಲು ಅಗಲಿಸಿದಳು. ಅದನ್ನು ಹಾಗೆಯೇ ಎತ್ತಿ ಶೇಷೇಗೌಡರ ಮುಖದ ಮೇಲಿಟ್ಟಳು. ಕೆಳಗಿನ ಕಾಲು ಗದ್ದವನ್ನು ದಾಟಿ ಅಂಗಿಯ ಕಾಲರಿನ ಮೇಲೆ ನಿಂತಿತು.

ಭತ್ತದ ಕಾಳಿನಷ್ಟು ಕಡಿಮೆ!

ಅವಳು ಮತ್ತೊಮ್ಮೆ ಅಳೆದಳು. ಪಾರದರ್ಶಕ ಕಾಗದದ ಮೇಲೆ ಗೌಡರ ದವಡೆಯ ಗೆರೆ ಎಳೆದು ಅಪ್ಪನ ಮುಖದ ಮೇಲಿಟ್ಟಳು. ಅಪ್ಪನದು ಕಿವಿಯ ಕೆಳಗೆ ಒಂದು ಮೂಲೆ ಮಾಡಿ, ನೆಟ್ಟಗೆ ಇಳಿದು ಗದ್ದ ಸೇರುವ ದವಡೆ. ಗೌಡರದು ಅದೇ ಮೂಲೆ ಮಾಡಿದರೂ ಆಚೀಚೆ ಉಬ್ಬಿ, ಕೊಬ್ಬರಿ ಬಟ್ಟಲಿನಂತೆ ಅಗಲವಾಗಿ ಬೇಗ ಮುಗಿಯುತ್ತಿತ್ತು.

"ಹೊಂದಲ್ಲ ಸಾರ್," ಎಂದಳು. ದನಿಯಲ್ಲಿ ಸಂತೋಷ ಕಾಣದಂತೆ ನೋಡಿಕೊಂಡಳು. "ಕಣ್ಣು ಸರಿ ಕೂರಿಸಿದ್ರೆ ಗೌಡ್ರ ಗದ್ದದ ಕೆಳಗೆ ಅಪ್ಪನ ಗದ್ದ ಇಣುಕುತ್ತೆ. ಗದ್ದ ಮುಚ್ಚೋಷ್ಟು ದೊಡ್ಡದು ಮಾಡಿದ್ರೆ ಕೆನ್ನೆ ಕಿವಿ ಮೇಲೆ ಹೋಗುತ್ತೆ, ಹಣೆ ಟೋಪಿ ದಾಟುತ್ತೆ. ಕಂಬದ ಮೇಲೆ ಕುಂಬಳಕಾಯಿ ಇಟ್ಟ ಹಂಗಾಗುತ್ತೆ."

ಸುಳ್ಳು ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟಿತು. ಅಪ್ಪ ತನ್ನ ಗದ್ದದ ಬಲದಿಂದಲೇ ಕುರ್ಚಿ ಉಳಿಸಿಕೊಂಡಿದ್ದ.

ಕನ್ನಪ್ಪ ಬಂದು ಭೂತಗನ್ನಡಿ ಹಿಡಿದು ಬಗ್ಗಿದ. ಬಹಳ ಹೊತ್ತು ನೋಡಿದ. ಆಮೇಲೆ ಅವನ ಮುಖದ ಮೇಲೆ, ಪೇಟೆಯ ಗಲ್ಲಿಯಲ್ಲಿ ಕಾಸು ಸಿಕ್ಕಿದವನ ನಗೆ ಬಂತು.

"ಶಾಂತಮ್ಮ, ಈ ಗೌಡ ನಿಂತಿರೋದು ಎಲ್ಲಿ?"

"ತುದಿಲಿ."

"ಅದೇ ಮತ್ತೆ! ಜಾಗ ಸಾಲದೆ ಫೋಟೋದವನು ಅಗಲದ ಲೆನ್ಸ್ ಹಾಕಿದಾನೆ. ಅಂಥ ಲೆನ್ಸು ತುದಿಲಿರೋರ್ನ ಅಡ್ಡಕ್ಕೆ ಎಳೆಯುತ್ತೆ. ಆ ಕಡೆ ತುದಿಲಿ ನಿಂತಿರೋನ್ನ ನೋಡಿ, ಅವನ ತಲೆಯೂ ಹಲಸಿನಕಾಯಿ ಥರ ಅಗಲ ಆಗಿದೆ. ಗೌಡನ ಮುಖ ನಿಜವಾಗ್ಲೂ ಅಗಲ ಇಲ್ಲ. ಇದನ್ನ ಉದ್ದಕ್ಕೆ ಎಳೆದ್ರೆ ಅವನು ಅವನಾಗ್ತಾನೆ."

ಅವನು ಕತ್ತಲೆ ಕೋಣೆಗೆ ಹೋದ. ಶಾಂತಮ್ಮನಿಗೆ ಹಿಂದೆ ಹೋಗದೆ ಇರಲಾಗಲಿಲ್ಲ. ಕೆಂಪು ದೀಪದ ಕೆಳಗೆ ಕನ್ನಪ್ಪ, ಕಾಗದ ಹಿಡಿಯುವ ಹಲಗೆಯ ಒಂದು ಬದಿಗೆ, ಗದ್ದ ಬೀಳುವ ಕಡೆಗೆ, ಪುಸ್ತಕವೊಂದನ್ನು ಒತ್ತುಕೊಟ್ಟು ಓರೆ ಮಾಡಿದ. ಓರೆಯಾದ ಹಲಗೆಯ ಮೇಲೆ ಬೆಳಕು ಉದ್ದಕ್ಕೆ ಚಾಚಿಕೊಂಡಿತು. ಮೇಲೆ ಕೆಳಗೆ ಮಸುಕಾಗದಿರಲೆಂದು ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿ ಹೆಚ್ಚು ಹೊತ್ತು ಬೆಳಕು ಬಿಟ್ಟ. ದ್ರಾವಣದಲ್ಲಿ ಮುಳುಗಿದ ಕಾಗದದ ಮೇಲೆ ಶೇಷೇಗೌಡರು ನಿಧಾನವಾಗಿ ಎದ್ದು ಬಂದರು. ಕೆನ್ನೆ ಒಳಗೆ ಸರಿದಿತ್ತು. ದವಡೆ ನೆಟ್ಟಗೆ ಇಳಿದಿತ್ತು.

ತೊಳೆದು ಒಣಗಿಸಿದ ಮೇಲೆ ಕನ್ನಪ್ಪ ಡಿವೈಡರನ್ನು ತಾನೇ ಇಟ್ಟು ತೋರಿಸಿದ. ಒಂದು ಕಾಲು ಕಣ್ಣಿನ ಗೆರೆಯ ಮೇಲೆ, ಇನ್ನೊಂದು ಗದ್ದದ ತುದಿಯ ಮೇಲೆ.

"ಮುಟ್ಟಿತಾ?"

"ಮುಟ್ಟಿತು," ಎಂದಳು ಶಾಂತಮ್ಮ.

"ನಿಮ್ಮ ತಂದೆಯೋರ ಮುಖಕ್ಕೆ ಹಲಗೆ ಅಡ್ಡಕ್ಕೆ ಓರೆ ಮಾಡ್ತೀನಿ, ಸ್ವಲ್ಪ ಅಗಲ ಆಗ್ಲಿ. ರುಮಾಲಿನ ಒಳಗೆ ಕೂತ್ಕೊಳ್ಳುತ್ತೆ." ಕನ್ನಪ್ಪನಿಗೆ ತನ್ನ ಜಾಣತನ ತಡೆಯಲಾಗುತ್ತಿರಲಿಲ್ಲ. "ಶಿವಮೊಗ್ಗೆಯೋರಿಗೆ ಇದು ಹೊಳೀಲಿಲ್ಲ ನೋಡಿ!"

ಶಾಂತಮ್ಮ ತನ್ನ ಮೇಜಿಗೆ ಮರಳಿ ಕೂತಳು. ಕೆಲಸ ಬಿಟ್ಟು ಎದ್ದು ಹೋಗಿಬಿಡಲೇ ಎನಿಸಿತು. ಹೋದರೆ ಏನಾಗುತ್ತದೆ? ಅಂಟಿಸುವ ಕೈ ಬದಲಾಗುತ್ತದೆ, ಅಷ್ಟೆ. ತಾನು ಮನೆಯಲ್ಲಿ ಅಳುತ್ತಾ ಕೂರಬಹುದು, ಗೌಡರು ಕುರ್ಚಿಯಲ್ಲಿ ಕೂರುತ್ತಾರೆ. ಅವಳು ಇಡೀ ಗ್ರೂಪಿನ ಅಚ್ಚನ್ನು ಎಳೆದುಕೊಂಡು ಅಪ್ಪನನ್ನು ನೋಡಿದಳು. ಟೋಪಿ ನೋಡಿದಳು, ಕೋಟು ನೋಡಿದಳು, ಮೊಣಕಾಲ ಮೇಲಿಟ್ಟ ಕೈಗಳನ್ನು ನೋಡಿದಳು.

ಬಲಗೈ.

ಶಾಲೆಯ ಮಾಡಿಗೆ ತೊಲೆ ಏರಿಸುವ ದಿನ, ಆಳು ಸಾಲದೆ ಮೇಷ್ಟ್ರೇ ಹೆಗಲು ಕೊಟ್ಟಿದ್ದರು. ತೊಲೆ ಜಾರಿ ಬಲಗೈಯ ತೋರುಬೆರಳು ಜಜ್ಜಿಹೋಯಿತು. ನಾಟಿ ವೈದ್ಯ ಕಟ್ಟಿದ ಕಟ್ಟು ಬಿಚ್ಚಿದಾಗ ಬೆರಳು ನಡುಗಂಟಿನಲ್ಲಿ ಬಾಗಿ ಕೊಕ್ಕೆಯಾಗಿ ನಿಂತಿತ್ತು. ಅದು ಮತ್ತೆ ನೆಟ್ಟಗಾಗಲಿಲ್ಲ. ಮೇಷ್ಟ್ರು ಅದಕ್ಕೊಂದು ಉಪಯೋಗ ಕಂಡುಕೊಂಡರು. ಮಗ್ಗಿ ತಪ್ಪಿದ ಹುಡುಗನ ನೆತ್ತಿಗೆ ಆ ಗಂಟಿನಿಂದ ಮೊಟಕುವುದು. ಬಿಳಿಕಲ್ಲುಕೊಪ್ಪದಲ್ಲಿ ಆ ಗಂಟಿನ ರುಚಿ ಕಾಣದ ತಲೆ ಬಹಳ ಇರಲಿಲ್ಲ. ಹಾಸ್ಟೆಲಿಗೆ ಹೋದ ದುಗ್ಗಪ್ಪ ಗೌಡರ ತಲೆಯೊಂದು ಬಿಟ್ಟು.

ಫೋಟೋದಲ್ಲಿ ಆ ಬೆರಳು ಬಿಳಿ ಪಂಚೆಯ ಮೇಲೆ ಕೊಕ್ಕೆಯಾಗಿ ಕೂತಿತ್ತು.

ಕನ್ನಪ್ಪ ಕಣ್ಣು ಅಳೆದಿದ್ದ, ಹಣೆ ಅಳೆದಿದ್ದ, ಗದ್ದ ಮುಟ್ಟಿಸಿದ್ದ. ಗದ್ದದ ಕೆಳಗೆ ಅವನಿಗೆ ಮನುಷ್ಯನೇ ಇರಲಿಲ್ಲ. ಅದು ಅವನೊಬ್ಬನ ಕುರುಡಲ್ಲ, ಕಸುಬಿನ ಕುರುಡು. ಮುಖ ಕೂರಿಸುವವರು ಯಾರೂ ಕೈ ನೋಡುವುದಿಲ್ಲ. ಇಷ್ಟು ವರ್ಷ ಅವಳೂ ನೋಡಿರಲಿಲ್ಲ.

"ಹೊಂದ್ತು ಅಂತ ಗೌಡ್ರಿಗೆ ಹೇಳ್ಲಾ?" ಎಂದು ಕನ್ನಪ್ಪ ಕೇಳಿದ. "ಇನ್ನೇನಾದ್ರೂ ಉಳಿದಿದೆಯಾ?"

"ಮುಖದಲ್ಲಿ ಏನೂ ಉಳಿದಿಲ್ಲ ಸಾರ್."

ಅವಳು ಆ ಕೆಲಸವನ್ನು ಮಾಡಿದ ಹಾಗೆ ಇನ್ನಾವುದನ್ನೂ ಮಾಡಿರಲಿಲ್ಲ. ಮುಖದ ಅಚ್ಚನ್ನು ದವಡೆಯ ಗೆರೆಗುಂಟ ಬ್ಲೇಡಿನಲ್ಲಿ ಕತ್ತರಿಸಿದಳು. ಅಂಚು ಎದ್ದು ನೆರಳು ಬೀಳದಂತೆ ಹಿಂಬದಿಯನ್ನು ಉಪ್ಪುಕಾಗದದಲ್ಲಿ ತೀಡಿ ತೆಳ್ಳಗೆ ಮಾಡಿದಳು. ಅಂಟಿಸಿ, ಟೋಪಿಯ ಕೆಳಗಿನ ನೆರಳನ್ನೂ ಕತ್ತಿನ ಮೇಲಿನ ನೆರಳನ್ನೂ ಬ್ರಶ್ಶಿನಲ್ಲಿ ಕೂಡಿಸಿದಳು. ಶೇಷೇಗೌಡರು ಹುಟ್ಟಿದ್ದೇ ಆ ಕುರ್ಚಿಯಲ್ಲಿ ಎನ್ನುವ ಹಾಗೆ ಕೂತರು. ತುದಿಯಲ್ಲಿ ಅಪ್ಪ ಜರಿ ರುಮಾಲಿನ ಕೆಳಗಿಂದ, ಯಾರದೋ ಮದುವೆಗೆ ಬಾಡಿಗೆಗೆ ಬಂದವನ ಹಾಗೆ ನೋಡುತ್ತಿದ್ದ. "ಸ್ವಲ್ಪ ತಡಿ ಅಪ್ಪಯ್ಯ" ಎಂದಳು ಮನಸ್ಸಿನಲ್ಲೇ.

ಕೊನೆಗೆ, ಕನ್ನಪ್ಪ ಊಟಕ್ಕೆ ಹೋದಾಗ, ಬಿಳಿ ಬಣ್ಣದಲ್ಲಿ ಬ್ರಶ್ಶಿನ ತುದಿ ಅದ್ದಿ, ಆ ಬಾಗಿದ ಬೆರಳಿನ ಗಂಟಿನ ಮೇಲೆ ಒಂದು ಬೆಳಕಿನ ಚುಕ್ಕೆ ಇಟ್ಟಳು. ಬೆರಳಿನ ಕೆಳಗಿನ ನೆರಳನ್ನು ಒಂದು ಎಳೆ ಗಾಢ ಮಾಡಿದಳು. ಇಲ್ಲದ್ದನ್ನು ಅವಳು ಏನೂ ಸೇರಿಸಲಿಲ್ಲ. ಇದ್ದದ್ದನ್ನು ಕಾಣಿಸಿದಳು. ಆಮೇಲೆ ಅದನ್ನೆಲ್ಲ ಒಟ್ಟಿಗೆ ಮತ್ತೆ ಕ್ಯಾಮೆರಾದಲ್ಲಿ ತೆಗೆದು ಹೊಸ ನೆಗೆಟಿವ್ ಮಾಡಿದ್ದಾಯಿತು.

ಮಾದರಿ ನೋಡಲು ಬಂದ ದುಗ್ಗಪ್ಪ ಗೌಡರ ಕಣ್ಣು ತೇವವಾಯಿತು. "ಅಪ್ಪಯ್ಯ!" ಎಂದರು. "ನೋಡಿ, ಆ ಕುರ್ಚಿ ಅವ್ರಿಗೇ ಮಾಡಿಸಿದ್ದು ಅನ್ಸುತ್ತೆ."

"ಸಭಾಂಗಣದ ಗೋಡೆ ದೊಡ್ಡದಿರ್ಬೇಕಲ್ಲ ಗೌಡ್ರೆ?" ಎಂದಳು ಶಾಂತಮ್ಮ. ಅವಳು ಅವರೊಡನೆ ಮಾತಾಡಿದ್ದು ಅದೇ ಮೊದಲು. "ಸಣ್ಣ ಫೋಟೋ ಹಾಕಿದ್ರೆ ಹಿಂದೆ ಕೂತೋರಿಗೆ ಕಾಣಲ್ಲ."

"ಏನಮ್ಮ, ಸರಿಯಾಗಿ ಹೇಳ್ದೆ! ಕನ್ನಪ್ಪ, ನಿಮ್ಮ ಕೈಲಿ ಎಷ್ಟು ದೊಡ್ಡದು ಆಗುತ್ತೋ ಅಷ್ಟು ದೊಡ್ಡದು ಮಾಡಿ. ಬಾಗ್ಲಲ್ಲಿ ನಿಂತ್ರೂ ಕಾಣ್ಬೇಕು."

ಬೆಳ್ಳಿ ಹಬ್ಬಕ್ಕೆ ಕನ್ನಪ್ಪನಿಗೆ ಆಹ್ವಾನವಿತ್ತು. ಕಲಾವಿದ ಎಂದು ವೇದಿಕೆಯಲ್ಲಿ ಶಾಲು ಹೊದಿಸುವವರಿದ್ದರು. ಚೌಕಟ್ಟು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕೆಂದು ಅವನು ಶಾಂತಮ್ಮನನ್ನೂ ಹೊರಡಿಸಿದ. ಹೊಸನಗರದಲ್ಲಿ ಬಸ್ಸು ಬದಲಿಸುವಾಗ ಬಸ್ ಏಜೆಂಟ್ ಜಟ್ಟಿಂಗಪ್ಪ, ಚೌಕಟ್ಟನ್ನು ಟಾಪಿನ ಮೇಲೆ ಹಾಕಿಸುತ್ತಾ ಅವಳನ್ನೇ ದಿಟ್ಟಿಸಿದ.

"ನೀವು ಗಿರಿಯಪ್ಪ ಮೇಷ್ಟ್ರ ಮಗಳಲ್ವಾ? ಮೂಗು ನೋಡಿದ್ರೇ ಗೊತ್ತಾಗುತ್ತೆ. ನಾನೂ ಅಲ್ಲಿಗೇ ಬರ್ತಿದೀನಿ ಅಕ್ಕ. ಎರಡನೇ ಮಗ್ಗಿಗೆ ನಿಮ್ಮ ಅಪ್ಪಯ್ಯನ ಕೈಲಿ ತಿಂದ ಪೆಟ್ಟು ಮಳೆಗಾಲದಲ್ಲಿ ಈಗ್ಲೂ ನೋಯುತ್ತೆ."

ಅವಳು ನಕ್ಕು ಬಸ್ಸು ಹತ್ತಿದಳು.

ಎಮ್ಮೆಲ್ಲೆ ತಡವಾಗಿ ಬಂದು, ಶಿಕ್ಷಣದ ಬಗ್ಗೆ ಯಾವ ಶಾಲೆಯಲ್ಲಾದರೂ ಆಡಬಹುದಾದ ಮಾತುಗಳನ್ನು ಆಡಿ, ಪರದೆಯ ಹುರಿ ಎಳೆದರು. ಚಪ್ಪಾಳೆ ಬಿತ್ತು. ದುಗ್ಗಪ್ಪ ಗೌಡರು ಮೈಕಿನ ಮುಂದೆ ನಿಂತರು.

"ಈ ಶಾಲೆಗಾಗಿ ತನು ಮನ ಧನ ಸವೆಸಿದ ನಮ್ಮ ತಂದೆಯವರು..."

ಶಾಂತಮ್ಮ ಹೆಂಗಸರ ಸಾಲಿನ ಹಿಂದೆ ಕಂಬಕ್ಕೆ ಒರಗಿ ನಿಂತು ಫೋಟೋ ನೋಡಲಿಲ್ಲ. ಗಂಡಸರ ತಲೆಗಳನ್ನು ನೋಡಿದಳು. ಹಳೆಯ ವಿದ್ಯಾರ್ಥಿಗಳು ಎದುರಿನ ಬೆಂಚುಗಳಲ್ಲಿ ಕೂತಿದ್ದರು: ಅಂಗಡಿಯವರು, ಕಂಟ್ರಾಕ್ಟರು, ಒಬ್ಬ ರೇಂಜರು. ಮೊದಲು ಕಂಟ್ರಾಕ್ಟರಿನ ಕೈ ಮೇಲೆ ಹೋಯಿತು. ಅವನು ತನ್ನ ಬೋಳು ನೆತ್ತಿಯನ್ನು ಸವರಿಕೊಂಡ, ಯಾಕೆಂದು ತಿಳಿಯದವನಂತೆ. ಅವನ ಪಕ್ಕದವನು ತಲೆ ಒಂದಿಷ್ಟು ಒಳಗೆಳೆದುಕೊಂಡ. ಗೌಡರು ತ್ಯಾಗ ಎನ್ನುವ ಶಬ್ದಕ್ಕೆ ಬರುವ ಹೊತ್ತಿಗೆ ಇಡೀ ಬೆಂಚು ನೆತ್ತಿ ಕೆರೆದುಕೊಳ್ಳುತ್ತಿತ್ತು.

"ಏ," ಎಂದ ಜಟ್ಟಿಂಗಪ್ಪ. ಬಸ್ ಏಜೆಂಟನ ಗಂಟಲಿಗೆ ಪಿಸುಮಾತು ಬರುವುದಿಲ್ಲ. "ಅದು ನಮ್ಮ ಮೇಷ್ಟ್ರ ಬೆರಳಲ್ವನ್ರೋ!"

ಮೈಕು ನಿಂತಿತು.

"ಹೌದು ಮಾರಾಯ, ಅದೇ ಕೊಕ್ಕೆ!" ಎಂದ ರೇಂಜರು. "ಮುಖ ಯಾರ್ದು ಹಾಗಾದ್ರೆ?"

"ಮುಖ ಶೇಷೇಗೌಡ್ರದ್ದು."

"ಮತ್ತೆ ಮೇಷ್ಟ್ರೆಲ್ಲಿ?"

ಎಲ್ಲರೂ ಎದ್ದು ಗೋಡೆಯ ಹತ್ತಿರ ಹೋದರು. ಹುಡುಕಿದರು. ತುದಿಯಲ್ಲಿ ಜರಿ ರುಮಾಲಿನ ಕೆಳಗೆ ಮೇಷ್ಟ್ರು ಸಿಕ್ಕಾಗ ಯಾರೋ ಕಿಸಕ್ಕೆಂದರು. ಅದು ಹರಡಿತು. ಎಮ್ಮೆಲ್ಲೆ ಗಡಿಯಾರ ನೋಡಿಕೊಂಡರು. ದುಗ್ಗಪ್ಪ ಗೌಡರು ಮೈಕನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಅದೂ ಎಲ್ಲಿ ಕೈಬಿಟ್ಟುಹೋಗುತ್ತದೋ ಎಂಬಂತೆ.

"ಶಾಂತಿ, ಶಾಂತಿ!" ಎಂದರು. "ನಮ್ಮ ಅಪ್ಪಯ್ಯನ ಬೆರಳೂ ಹಂಗೇ ಇತ್ತು. ಬೇಕಾದ್ರೆ ನಮ್ಮ ಅವ್ವನ್ನೇ ಕೇಳಿ!"

ಯಾರೂ ಕೇಳಬೇಕಾಗಲಿಲ್ಲ. ಮುಂದಿನ ಸಾಲಿನಲ್ಲಿ, ಸನ್ಮಾನಕ್ಕೆಂದು ಕೂರಿಸಿದ್ದ ವರದಮ್ಮ ಊರುಗೋಲು ಹಿಡಿದು ಎದ್ದರು. ದುಗ್ಗಪ್ಪ ಗೌಡರ ತಾಯಿ. ಫೋಟೋದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ಗಂಡನ ಮುಖ ನೋಡಿದರು. ಆಮೇಲೆ ಕೈ ನೋಡಿದರು.

"ಇದು ಅವರ ಕೈ ಅಲ್ಲ ಮಗ," ಎಂದರು.

"ಅವ್ವ, ನಿಂಗೆ ಕಣ್ಣು ಸರಿಯಾಗಿ ಕಾಣಲ್ಲ..."

"ನಂಗೆ ಕಣ್ಣು ಬ್ಯಾಡ. ನಿಮ್ಮಪ್ಪನ ಐದು ಬೆರಳೂ ನೆಟ್ಟಗಿದ್ವು. ನನ್ನ ಕೆನ್ನೆಗೆ ಗೊತ್ತು."

ಅದಾದ ಮೇಲೆ ಯಾರೂ ನಗಲಿಲ್ಲ. ಮುದುಕಿ ತಿರುಗಿ ಬಂದು ತನ್ನ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ಯಾರೋ ಪರದೆಯನ್ನು ಮತ್ತೆ ಎಳೆದರು. ಊಟಕ್ಕೆ ಎಲೆ ಹಾಕಿದೆ ಎಂದು ಅಡಿಗೆಯವನು ಬಂದು ಹೇಳಿದ್ದರಿಂದ ಸಭೆ ಉಳಿಯಿತು. ಕನ್ನಪ್ಪನ ಶಾಲು ತಟ್ಟೆಯಲ್ಲೇ ಮಡಿಸಿದಂತೆ ಇತ್ತು.

ಹಿಂದಿರುಗುವ ಬಸ್ಸಿನಲ್ಲಿ ಕನ್ನಪ್ಪ ಅವಳ ಕಡೆ ತಿರುಗಿದ. "ನಿಮಗೆ ಗೊತ್ತಿತ್ತು."

"ಅಪ್ಪನ ಬೆರಳು ಮಗಳಿಗೆ ಗೊತ್ತಿಲ್ದೆ ಇರುತ್ತಾ ಸಾರ್?"

"ನಾನು ಕೇಳಿದ್ನಲ್ಲ, ಏನಾದ್ರೂ ಉಳಿದಿದೆಯಾ ಅಂತ!"

"ಮುಖದಲ್ಲಿ ಏನೂ ಉಳಿದಿಲ್ಲ ಅಂದೆ. ಉಳಿದಿತ್ತಾ?"

ಕನ್ನಪ್ಪ ಯೋಚಿಸಿದ. ಕೋಪ ಮಾಡಿಕೊಳ್ಳಬೇಕೆಂದು ಅವನಿಗೆ ಅನಿಸುತ್ತಿತ್ತು. ಆದರೆ ಒಳಗೊಳಗೆ ಬೇರೊಂದು ಸುಖ ಏಳುತ್ತಿತ್ತು. ಅಷ್ಟು ಜನ ಅಷ್ಟು ಹೊತ್ತು ನೋಡಿದರು, ಬೆರಳು ಹಿಡಿದರು, ರುಮಾಲು ಹಿಡಿದರು. ಅಂಟಿಸಿದ ಅಂಚನ್ನು ಒಬ್ಬನೂ ಹಿಡಿಯಲಿಲ್ಲವಲ್ಲ! "ಗದ್ದ ಮಾತ್ರ ಸರಿಯಾಗಿ ಕೂತಿತ್ತು," ಎಂದ. ಶಾಂತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಇಂಥವನ ಮೇಲೆ ಸಿಟ್ಟು ಮಾಡುವುದೂ ದಂಡವೇ.

ಶಾಲೆಯ ಸಮಿತಿ ಸೇರಿತು. ಹಳೆಯ ವಿದ್ಯಾರ್ಥಿಗಳು ಹಳೆಯ ಫೋಟೋವೇ ಬೇಕೆಂದು ಪಟ್ಟು ಹಿಡಿದರು. ಅದನ್ನು ಮಾಡಿಸಿಕೊಂಡು ಬರಬೇಕಾದವರು ಪ್ರೆಸಿಡೆಂಟರೇ. ದುಗ್ಗಪ್ಪ ಗೌಡರು ದೊಡ್ಡ ಚೌಕಟ್ಟನ್ನು ಜಮಖಾನದಲ್ಲಿ ಸುತ್ತಿ ಹೊರಿಸಿಕೊಂಡು, ಚಂದ್ರಿಕಾ ಸ್ಟುಡಿಯೋದ ಮೆಟ್ಟಿಲನ್ನು ಮತ್ತೆ ಹತ್ತಿದರು. ಅಂಥ ಮನುಷ್ಯನಿಗೆ ನಾಚಿಕೆ ಬರುವುದು ನೆಗಡಿ ಬಂದ ಹಾಗೆ, ವಾರದಲ್ಲಿ ವಾಸಿಯಾಗುತ್ತದೆ.

"ಮಧ್ಯದಲ್ಲಿ ಮೇಷ್ಟ್ರೇ ಇರ್ಲಿ ಕನ್ನಪ್ಪ. ಜನಕ್ಕೆ ಅದೇ ಇಷ್ಟ ಅಂದ್ಮೇಲೆ ನಂದೇನು?" ಅವರು ಹಳೆಯ ಫೋಟೋವನ್ನು ಮೇಜಿನ ಮೇಲೆ ಬಿಡಿಸಿ, ದನಿ ತಗ್ಗಿಸಿದರು. "ಆದ್ರೆ ಅವ್ರ ಪಕ್ಕದ ಕುರ್ಚಿಲಿ ಇದಾನಲ್ಲ, ಅವನ್ಯಾರೋ ಸ್ಕೂಲ್ ಇನ್ಸ್‌ಪೆಕ್ಟರು. ದಾವಣಗೆರೆ ಕಡೆಯೋನು. ಈಗ ಇದಾನೋ ಸತ್ತನೋ, ಈ ಸೀಮೇಲಿ ಯಾರಿಗೂ ಗುರ್ತಿಲ್ಲ. ಕೈ ನೋಡಿ, ಐದು ಬೆರಳೂ ನೆಟ್ಟಗಿದಾವೆ. ನಾನೇ ಎಣಿಸಿದೀನಿ."

ಕನ್ನಪ್ಪನ ಕಣ್ಣು ಅವನನ್ನು ಕೇಳದೆಯೇ ಇನ್ಸ್‌ಪೆಕ್ಟರಿನ ದವಡೆಯ ಮೇಲೆ ಹೋಯಿತು. ಆಮೇಲೆ ಅದು ಮೆಲ್ಲಗೆ ಕಿಟಕಿಯ ಕಡೆ ತಿರುಗಿತು.

ಶಾಂತಮ್ಮ ಎದ್ದು ಬಂದಳು. ಡಿವೈಡರನ್ನು ಕೈಗೆ ತೆಗೆದುಕೊಂಡಳು. ಅದರ ಕಾಲುಗಳನ್ನು ಅಗಲಿಸದೆ, ಮುಚ್ಚಿದ್ದ ಹಾಗೆಯೇ ಇನ್ಸ್‌ಪೆಕ್ಟರಿನ ಮುಖದ ಮೇಲೆ ಒಮ್ಮೆ, ಶೇಷೇಗೌಡರ ಮುಖದ ಮೇಲೆ ಒಮ್ಮೆ ಇಟ್ಟಳು.

"ಹೊಂದಲ್ಲ ಗೌಡ್ರೆ," ಎಂದಳು.

ಕನ್ನಪ್ಪ ಬಾಯಿ ತೆರೆದ. ಹಲಗೆ ಓರೆ ಮಾಡುವ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಶಾಂತಮ್ಮ ಅವನನ್ನು ನೋಡುತ್ತಾ ನಿಂತಳು. ಡಿವೈಡರ್ ಇನ್ನೂ ಅವಳ ಕೈಯಲ್ಲಿಯೇ ಇತ್ತು.

"ಹೌದು ಗೌಡ್ರೆ," ಎಂದ ಕನ್ನಪ್ಪ. "ಗದ್ದ ಮುಟ್ಟಲ್ಲ."